‘ಒಳಗೋ’ ಎಂಬ ಪ್ರಶ್ನೆಯನ್ನು ಕೊನೆಯವರೆಗೂ ಕಾಯುವುದು: ಕನಕದಾಸರ ‘ನೀ ಮಾಯೆಯೊಳಗೋ’ ಹಾಡಿಗೆ ಆರು ನಿಮಿಷದ ಅರ್ಥವಿವರಣೆ

ದಾಸರ ಪದಗಳಿಗೆ ಸಾಲುಸಾಲಾಗಿ ಅರ್ಥ ಹೇಳುವ ವೀಡಿಯೊಗಳು ಹೆಚ್ಚಾಗಿ ಒಂದೇ ಜಾಡಿನಲ್ಲಿ ನಡೆಯುತ್ತವೆ. ತೆರೆಯ ಮೇಲೆ ಒಂದು ಸಾಲು ಬರುತ್ತದೆ, ಅದರ ಕೆಳಗೆ ಅದೇ ಸಾಲು ಇಂದಿನ ಕನ್ನಡದಲ್ಲಿ ಬರುತ್ತದೆ, ಮುಂದಿನ ಸಾಲಿಗೆ ಹೋಗುತ್ತಾರೆ. ಹಳೆಯ ಪದಗಳು ಹೆಚ್ಚಿರುವ ಹಾಡಿಗೆ ಇದರಿಂದ ಉಪಯೋಗವಿದೆ. ಆದರೆ ಕನಕದಾಸರ ‘ನೀ ಮಾಯೆಯೊಳಗೋ ನಿನ್ನೊಳು ಮಾಯೆಯೋ’ ಹಾಡಿನ ಮುಂದೆ ಈ ಜಾಡು ಮುಗ್ಗರಿಸುತ್ತದೆ. ‘ಸವಿಯು ಸಕ್ಕರೆಯೊಳಗೋ ಸಕ್ಕರೆಯು ಸವಿಯೊಳಗೋ’ ಎಂಬುದನ್ನು ‘ಸಿಹಿ ಸಕ್ಕರೆಯಲ್ಲಿದೆಯೋ, ಸಕ್ಕರೆ ಸಿಹಿಯಲ್ಲಿದೆಯೋ’ ಎಂದು ಬದಲಿಸಿ ಹೇಳಿದರೆ ನೋಡುವವರಿಗೆ ಹೊಸದಾಗಿ ಏನೂ ಸಿಕ್ಕಂತಾಗಲಿಲ್ಲ. ಪದಗಳು ಅವರಿಗೆ ಮೊದಲೇ ಗೊತ್ತಿದ್ದವು. ಗೊತ್ತಿಲ್ಲದೆ ಇದ್ದದ್ದು ಈ ಪ್ರಶ್ನೆಯನ್ನು ಕೇಳಿದ್ದೇಕೆ, ಒಂದು ಪ್ರಶ್ನೆಯಿಂದ ಇನ್ನೊಂದು ಹೇಗೆ ಹುಟ್ಟಿತು ಎಂಬುದು.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ವಿವರಿಸುವ ಉತ್ಸಾಹದಲ್ಲಿ ಪ್ರತಿ ಸಾಲಿಗೂ ಉತ್ತರ ಕೊಟ್ಟುಬಿಡುವುದು. ‘ಸಿಹಿ ಸಕ್ಕರೆಯ ಗುಣ, ಆದ್ದರಿಂದ ಅದು ಸಕ್ಕರೆಯಲ್ಲೇ ಇದೆ’ ಎಂದೊಡನೆ ಹಾಡು ಅಲ್ಲಿಗೇ ನಿಂತುಹೋಗುತ್ತದೆ. ಈ ಹಾಡಿನ ಅರ್ಥ ಇರುವುದು ಸಾಲಿನಿಂದ ಸಾಲಿಗೆ ಪ್ರಶ್ನೆ ದೊಡ್ಡದಾಗುತ್ತ ಹೋಗುವ ಕ್ರಮದಲ್ಲಿ. ಆ ಕ್ರಮವನ್ನು ಕೆಡಿಸದೆ ಆರು ನಿಮಿಷದಲ್ಲಿ ಹದಿನಾಲ್ಕು ಸಾಲುಗಳನ್ನು ವಿವರಿಸುವುದು ಹೇಗೆಂಬುದೇ ಇಲ್ಲಿಯ ವಿಷಯ.

ಮೊದಲು ಪಾಠ:

ನೀ ಮಾಯೆಯೊಳಗೋ ನಿನ್ನೊಳು ಮಾಯೆಯೋ
ನೀ ದೇಹದೊಳಗೋ ನಿನ್ನೊಳು ದೇಹವೋ ಹರಿಯೆ

ಬಯಲು ಆಲಯದೊಳಗೋ ಆಲಯವು ಬಯಲೊಳಗೋ
ಬಯಲು ಆಲಯವೆರಡು ನಯನದೊಳಗೋ
ನಯನ ಬುದ್ಧಿಯ ಒಳಗೋ ಬುದ್ಧಿ ನಯನದ ಒಳಗೋ
ನಯನ ಬುದ್ಧಿಗಳೆರಡು ನಿನ್ನೊಳಗೋ ಹರಿಯೆ

ಸವಿಯು ಸಕ್ಕರೆಯೊಳಗೋ ಸಕ್ಕರೆಯು ಸವಿಯೊಳಗೋ
ಸವಿಯು ಸಕ್ಕರೆಯೆರಡು ಜಿಹ್ವೆಯೊಳಗೋ
ಜಿಹ್ವೆ ಮನಸಿನ ಒಳಗೋ ಮನಸು ಜಿಹ್ವೆಯ ಒಳಗೋ
ಜಿಹ್ವೆ ಮನಸುಗಳೆರಡು ನಿನ್ನೊಳಗೋ ಹರಿಯೆ

ಕುಸುಮದೊಳು ಗಂಧವೋ ಗಂಧದೊಳು ಕುಸುಮವೋ
ಕುಸುಮ ಗಂಧಗಳೆರಡು ಘ್ರಾಣದೊಳಗೋ
ಅಸಮಭವ ಕಾಗಿನೆಲೆಯಾದಿಕೇಶವರಾಯ
ಉಸುರಲೆನ್ನಳವಲ್ಲ ಎಲ್ಲ ನಿನ್ನೊಳಗೋ ಹರಿಯೆ

ಪಲ್ಲವಿಗೆ ಎರಡು ಸಾಲು, ಆಮೇಲೆ ನಾಲ್ಕು ನಾಲ್ಕು ಸಾಲಿನ ಮೂರು ನುಡಿ. ಕೊನೆಯ ನುಡಿಯಲ್ಲಿ ‘ಕಾಗಿನೆಲೆಯಾದಿಕೇಶವರಾಯ’ ಎಂಬ ಅಂಕಿತ. ಹಾವೇರಿ ಜಿಲ್ಲೆಯ ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆಯ ಆದಿಕೇಶವ ಕನಕದಾಸರ ಇಷ್ಟದೈವ. 16ನೆಯ ಶತಮಾನದ ಈ ದಾಸರ ಹಾಡುಗಳು ಹೆಚ್ಚಾಗಿ ಈ ಹೆಸರಿನಿಂದಲೇ ಗುರುತಾಗುತ್ತವೆ.

ಪಾಠವನ್ನು ಗಟ್ಟಿಮಾಡಿಕೊಳ್ಳುವುದು

ದಾಸರ ಪದಗಳು ಬಾಯಿಂದ ಬಾಯಿಗೆ ಬಂದವು. ಹಾಡುವವರ ನಾಲಿಗೆಯಲ್ಲಿ ಪದ ಸ್ವಲ್ಪ ಸವೆಯುವುದು, ಬದಲಾಗುವುದು ಸಹಜ. ತೆರೆಯ ಮೇಲೆ ಅಕ್ಷರ ಮೂಡಿಸುವವರಿಗೆ ಮಾತ್ರ ಯಾವುದಾದರೂ ಒಂದು ಪಾಠ ಬೇಕೇ ಬೇಕು. ಹಾಡನ್ನು ಕೇಳಿ ಬರೆದುಕೊಂಡರೆ ಸಾಲದು. ಮುದ್ರಿತ ಸಂಕಲನವೊಂದನ್ನು ಮುಂದಿಟ್ಟುಕೊಂಡು, ಅನುಮಾನ ಬಂದ ಕಡೆ ಪ್ರಾಸವನ್ನು ನೋಡಬೇಕು.

ಇಲ್ಲಿ ಪ್ರಾಸ ಇರುವುದು ಸಾಲಿನ ಎರಡನೆಯ ಅಕ್ಷರದಲ್ಲಿ. ಮೊದಲ ನುಡಿಯ ನಾಲ್ಕು ಸಾಲು ಬಯಲು, ಬಯಲು, ನಯನ, ನಯನ ಎಂದು ಶುರುವಾಗುತ್ತವೆ. ನಾಲ್ಕರಲ್ಲೂ ಎರಡನೆಯ ಅಕ್ಷರ ಯಕಾರ. ಮೂರನೆಯ ನುಡಿಯಲ್ಲಿ ಕುಸುಮ, ಕುಸುಮ, ಅಸಮ, ಉಸುರಲು: ನಾಲ್ಕೂ ಕಡೆ ಸಕಾರ. ಎರಡನೆಯ ನುಡಿಯಲ್ಲಿ ಸವಿ ಮತ್ತು ಜಿಹ್ವೆ ವಕಾರದಿಂದ ಸೇರುತ್ತವೆ, ಒಂದರಲ್ಲಿ ಅದು ಬಿಡಿಯಾಗಿದೆ, ಇನ್ನೊಂದರಲ್ಲಿ ಒತ್ತಾಗಿದೆ. ಹೀಗಾಗಿ ಕೊನೆಯ ಸಾಲನ್ನು ಯಾರಾದರೂ ‘ಹೇಳಲೆನ್ನಳವಲ್ಲ’ ಎಂದು ಬರೆದುಕೊಟ್ಟರೆ, ಅರ್ಥ ಸರಿಯಿದ್ದರೂ ಆ ಪದ ಅಲ್ಲಿಯದಲ್ಲ ಎಂದು ಕೂಡಲೇ ತಿಳಿಯುತ್ತದೆ. ‘ನಾಲಿಗೆ’ ಎಂಬ ಸುಲಭದ ಪದ ಇರುವಾಗ ‘ಜಿಹ್ವೆ’ ಏಕೆ ಬಂತು ಎಂದು ಕೇಳುವವರಿಗೂ ಪ್ರಾಸದಲ್ಲೇ ಸಮಾಧಾನ ಸಿಗುತ್ತದೆ.

ಪ್ರಾಸ ಹಿಡಿಯಲಾರದ ತಪ್ಪೂ ಒಂದಿದೆ. ‘ಘ್ರಾಣದೊಳಗೋ’ ಎಂಬುದು ಕಿವಿಗೆ ‘ಪ್ರಾಣದೊಳಗೋ’ ಎಂದು ಕೇಳಿಸುತ್ತದೆ. ‘ಹೂವೂ ಪರಿಮಳವೂ ಪ್ರಾಣದಲ್ಲಿವೆ’ ಎಂಬ ವಿವರಣೆಯೂ ಗಂಭೀರವಾಗಿಯೇ ಕಾಣುವುದರಿಂದ ತಪ್ಪು ಗೊತ್ತಾಗದೆ ಉಳಿಯುತ್ತದೆ. ಹಾಡಿನ ಕಟ್ಟಡವನ್ನು ನೋಡಿದರೆ ಅನುಮಾನ ಉಳಿಯುವುದಿಲ್ಲ: ಪ್ರತಿ ನುಡಿಯ ಎರಡನೆಯ ಸಾಲಿನಲ್ಲಿ ಬರುವುದು ಒಂದು ಇಂದ್ರಿಯ. ಮೊದಲು ಕಣ್ಣು, ಆಮೇಲೆ ನಾಲಿಗೆ, ಆಮೇಲೆ ಮೂಗು. ಘ್ರಾಣವೆಂದರೆ ಮೂಗು, ವಾಸನೆ ಹಿಡಿಯುವ ಇಂದ್ರಿಯ.

ಗೊತ್ತಿದೆ ಎನಿಸುವ ಪದಗಳು

ಈ ಹಾಡಿನಲ್ಲಿ ಜಿಹ್ವೆ, ಘ್ರಾಣಗಳಂಥ ಅಪರಿಚಿತ ಪದಗಳು ಮೋಸ ಮಾಡುವುದಿಲ್ಲ, ಅವನ್ನು ಎಲ್ಲರೂ ನಿಘಂಟಿನಲ್ಲಿ ನೋಡಿಕೊಳ್ಳುತ್ತಾರೆ. ಮೋಸ ಮಾಡುವುದು ದಿನವೂ ಆಡುವ ಪದಗಳು.

‘ಬಯಲು’ ಎಂದೊಡನೆ ಇಂದು ಮನಸ್ಸಿಗೆ ಬರುವುದು ಊರಾಚೆಯ ಮೈದಾನ. ಆ ಚಿತ್ರ ಹಾಕಿ ಅದರ ನಡುವೆ ಒಂದು ಗುಡಿಯನ್ನು ತೋರಿಸಿದರೆ ‘ಆಲಯವು ಬಯಲೊಳಗೋ’ ಎಂಬ ಅರ್ಧ ಸಾಲು ಸರಿಹೋಗುತ್ತದೆ, ‘ಬಯಲು ಆಲಯದೊಳಗೋ’ ಎಂಬ ಅರ್ಧ ಸರಿಹೋಗುವುದಿಲ್ಲ. ಗುಡಿಯೊಳಗೆ ಮೈದಾನ ಹಿಡಿಸದು. ಇಲ್ಲಿ ಬಯಲು ಎಂದರೆ ಬರಿದಾದ ಜಾಗ, ಆಕಾಶ, ಅವಕಾಶ. ಆಲಯವೂ ಗುಡಿಯೇ ಆಗಬೇಕಾಗಿಲ್ಲ, ಗೋಡೆ ಮಾಡು ಇರುವ ಯಾವ ಮನೆಯಾದರೂ ಸರಿ. ‘ಗಂಧ’ ಎಂಬುದಕ್ಕೆ ಚಂದನದ ಕೊರಡನ್ನೋ ತೇಯ್ದ ಗಂಧವನ್ನೋ ತೋರಿಸುವುದು ಇದೇ ಬಗೆಯ ತಪ್ಪು. ಹೂವಿನೊಳಗಿರುವ ಗಂಧ ಪರಿಮಳವೇ ಹೊರತು ಬೇರೆಯಲ್ಲ.

‘ಬಯಲು ಆಲಯವೆರಡು’ ಎಂಬಲ್ಲಿಯ ‘ಎರಡು’ ಸಂಖ್ಯೆಯನ್ನು ಹೇಳುತ್ತಿಲ್ಲ. ಅದು ಇಂದಿನ ‘ಎರಡೂ’: ಬಯಲು, ಆಲಯ ಇವೆರಡೂ. ಈ ದೀರ್ಘವನ್ನು ವಿವರಣೆಯಲ್ಲಿ ಒತ್ತಿ ಹೇಳದಿದ್ದರೆ ಎರಡನೆಯ ಸಾಲಿನ ಜಿಗಿತ ಕೇಳುಗರ ಕೈತಪ್ಪುತ್ತದೆ.

ಎಲ್ಲಕ್ಕಿಂತ ಹೆಚ್ಚು ಎಡವುವುದು ‘ಉಸುರಲೆನ್ನಳವಲ್ಲ’ ಎಂಬಲ್ಲಿ. ಅದನ್ನು ಬಿಡಿಸಿದರೆ ಉಸುರಲು, ಎನ್ನ, ಅಳವಲ್ಲ. ಉಸುರು ಎಂಬ ಕ್ರಿಯೆಗೆ ಹಳೆಯ ಕನ್ನಡದಲ್ಲಿ ಹೇಳು, ನುಡಿ ಎಂಬ ಅರ್ಥವಿದೆ. ‘ಗುಟ್ಟನ್ನು ಕಿವಿಯಲ್ಲಿ ಉಸುರಿದ’ ಎಂಬ ಮಾತಿನಲ್ಲಿ ಅದು ಇಂದಿಗೂ ಉಳಿದಿದೆ. ಅಳವು ಎಂದರೆ ಶಕ್ತಿ, ಸಾಮರ್ಥ್ಯ. ಒಟ್ಟಿನಲ್ಲಿ ‘ಹೇಳುವುದು ನನ್ನಿಂದಾಗದು’. ಇದನ್ನು ಉಸಿರಾಟಕ್ಕೆ ಕಟ್ಟಿ ‘ಉಸಿರಾಡಲೂ ನನ್ನಲ್ಲಿ ಶಕ್ತಿಯಿಲ್ಲ’ ಎಂದು ವಿವರಿಸಿದರೆ ಭಕ್ತಿಯ ಮಾತಿನಂತೆಯೇ ಕೇಳಿಸುತ್ತದೆ. ಆದರೆ ಮೂರು ನುಡಿಯುದ್ದಕ್ಕೂ ಕೇಳಿಕೊಂಡು ಬಂದ ಪ್ರಶ್ನೆಗೆ ಕೊಟ್ಟ ಉತ್ತರವೇ ಮಾಯವಾಗಿಬಿಡುತ್ತದೆ.

‘ಅಸಮಭವ’ಕ್ಕೆ ಹೆಚ್ಚು ಹೊತ್ತು ಕೊಡುವುದು ಬೇಡ. ಭವ ಎಂದರೆ ಸಂಸಾರ ಎಂಬ ಅರ್ಥವನ್ನೇ ಹಿಡಿದು ‘ಏರುಪೇರಿನ ಸಂಸಾರ’ ಎಂದು ಬಿಡಿಸುವುದು ಇಲ್ಲಿಗೆ ಹೊಂದದು, ಏಕೆಂದರೆ ಆ ಇಡೀ ಸಾಲು ದೇವರನ್ನು ಕರೆಯುವ ಸಾಲು. ‘ಸಾಟಿಯಿಲ್ಲದವನೇ’ ಎಂದು ಹೇಳಿ ಮುಂದೆ ಹೋಗಬಹುದು. ‘ಹರಿಯೆ’ ಎಂಬುದೂ ಹಾಗೆಯೇ, ‘ಓ ಹರಿ’ ಎಂಬ ಕರೆ.

ಮೂರು ಬಗೆಯ ‘ಓ’

ಹಾಡಿನ ಜೀವ ಇರುವುದು ಪದಗಳ ಕೊನೆಯ ‘ಓ’ದಲ್ಲಿ. ಬರೆಯುವಾಗ ಎಲ್ಲ ಒಂದೇ ಆಗಿ ಕಾಣುವ ಈ ಓಕಾರ ಕೆಲಸ ಮಾಡುವುದು ಮೂರು ಬಗೆಯಲ್ಲಿ. ಓದುವವರ ದನಿಯಲ್ಲಿ ಈ ವ್ಯತ್ಯಾಸ ಬಾರದಿದ್ದರೆ ಎಂಥ ಒಳ್ಳೆಯ ವಿವರಣೆ ಬರೆದಿದ್ದರೂ ಅದು ಮುಟ್ಟುವುದಿಲ್ಲ.

ನುಡಿಯ ಮೊದಲ ಸಾಲಿನಲ್ಲಿ ಅದು ಜೋಡಿಯಾಗಿ ಬರುತ್ತದೆ: ‘ಆಲಯದೊಳಗೋ... ಬಯಲೊಳಗೋ’. ಇದೋ ಅದೋ ಎಂಬ ಆಯ್ಕೆ. ಇಲ್ಲಿ ದನಿ ಮೊದಲ ಓಕಾರದಲ್ಲಿ ಏರಿ ಎರಡನೆಯದರಲ್ಲಿ ಸ್ವಲ್ಪ ಇಳಿಯಬೇಕು, ಮನೆಯಲ್ಲಿ ‘ಕಾಫಿಯೋ ಟೀಯೋ’ ಎಂದು ಕೇಳುವಾಗ ಆಗುವಂತೆ. ಎರಡನೆಯ ಸಾಲಿನಲ್ಲಿ ಓ ಒಂಟಿ: ‘ನಯನದೊಳಗೋ’. ಆಯ್ಕೆಗೆ ಇನ್ನೊಂದು ಪಕ್ಕವೇ ಇಲ್ಲ. ಮೊದಲ ಸಾಲಿನ ಎರಡು ಆಯ್ಕೆಗಳನ್ನೂ ಪಕ್ಕಕ್ಕೆ ಸರಿಸಿ ‘ಹಾಗಾದರೆ ಇವೆರಡೂ ಇರುವುದು ಕಣ್ಣಿನಲ್ಲೇ ಏನೋ’ ಎಂದು ಊಹಿಸುವ ಓ ಇದು. ಹಾಗಾಗಿ ದನಿ ಇಳಿಯದೆ ತೆರೆದೇ ಉಳಿಯಬೇಕು. ಕೊನೆಯ ಸಾಲಿನ ‘ಎಲ್ಲ ನಿನ್ನೊಳಗೋ ಹರಿಯೆ’ ಎಂಬಲ್ಲಿ ಓ ಮೂರನೆಯ ರೂಪ ತಾಳುತ್ತದೆ. ಅದರ ಹಿಂದೆ ‘ಹೇಳಲು ನನ್ನಿಂದಾಗದು’ ಎಂಬ ಮಾತು ಬಂದುಹೋಗಿದೆ, ಇನ್ನು ಉತ್ತರ ಬಯಸಿ ಕೇಳುವ ಪ್ರಶ್ನೆಯಾಗಿ ಅದು ಉಳಿದಿಲ್ಲ. ಬೆರಗಿನ ಓ ಅದು. ವ್ಯಾಕರಣದಲ್ಲಿ ಮಾತ್ರ ಅದು ಈಗಲೂ ಪ್ರಶ್ನೆಯೇ, ‘ಎಲ್ಲ ನಿನ್ನೊಳಗೇ’ ಎಂದು ಕನಕದಾಸರು ಹೇಳಿಲ್ಲ. ಆ ಒಂದು ಸ್ವರವನ್ನು ಏಕಾರವಾಗಿ ಬದಲಿಸಿ ಅರ್ಥ ಹೇಳುವವರು ದಾಸರು ಹೇಳದೆ ಬಿಟ್ಟದ್ದನ್ನು ತಾವು ಹೇಳಿದಂತಾಗುತ್ತದೆ.

ಓದು ಸರಿಯಾಗಿದೆಯೇ ಎಂದು ತಿಳಿಯಲು ಒಂದು ಸುಲಭದ ಪರೀಕ್ಷೆಯಿದೆ. ಧ್ವನಿಮುದ್ರಿಕೆಯನ್ನು ಹಾಡು ಗೊತ್ತಿಲ್ಲದವರೊಬ್ಬರಿಗೆ ಕೇಳಿಸಿ, ಮೊದಲ ನುಡಿ ಮುಗಿದ ಕೂಡಲೇ ನಿಲ್ಲಿಸಿ, ‘ಇಲ್ಲಿ ಎಷ್ಟು ಪ್ರಶ್ನೆ ಕೇಳಿದರು’ ಎಂದು ಕೇಳಿ. ನಾಲ್ಕು ಎಂದು ಉತ್ತರ ಬಂದರೆ ದನಿ ಸರಿಯಿದೆ: ಬಯಲೋ ಆಲಯವೋ ಎಂಬುದು ಒಂದು, ಕಣ್ಣಿನಲ್ಲೋ ಎಂಬುದು ಒಂದು, ಕಣ್ಣೋ ಬುದ್ಧಿಯೋ ಎಂಬುದು ಒಂದು, ನಿನ್ನಲ್ಲೋ ಎಂಬುದು ಒಂದು. ಆರು ಎಂದರೆ ಜೋಡಿಗಳು ಒಡೆದುಹೋಗಿವೆ, ಎಲ್ಲ ಓಗಳನ್ನೂ ಒಂದೇ ಸಮನೆ ಏರಿಸಿ ಓದಲಾಗಿದೆ ಎಂದರ್ಥ.

ಸಮಯದ ಲೆಕ್ಕ

ಆರು ನಿಮಿಷವೆಂದರೆ 360 ಸೆಕೆಂಡು. ಹದಿನಾಲ್ಕು ಸಾಲಿಗೆ ಸಮನಾಗಿ ಹಂಚಿದರೆ ಸಾಲಿಗೆ ಸುಮಾರು 25 ಸೆಕೆಂಡು ಬರುತ್ತದೆ. ಹಾಗೆ ಸಮನಾಗಿ ಹಂಚಿದ ವೀಡಿಯೊ ಎರಡನೆಯ ನುಡಿಗೆ ಬರುವ ಹೊತ್ತಿಗೆ ಬೇಸರ ತರಿಸುತ್ತದೆ, ಏಕೆಂದರೆ ಅದರ ಕಟ್ಟಡ ಮೊದಲ ನುಡಿಯದೇ. ಒಮ್ಮೆ ಅರ್ಥವಾದದ್ದನ್ನು ಅಷ್ಟೇ ಹೊತ್ತು ಮತ್ತೆ ಕೇಳಬೇಕಾಗುತ್ತದೆ. ಹೊಸದು ಇರುವ ಕಡೆ ಹೆಚ್ಚು ಹೊತ್ತು ನಿಂತು, ಉಳಿದ ಕಡೆ ಬೇಗ ನಡೆಯಬೇಕು.

ಹೀಗೆ ಹಂಚಬಹುದು: ಆರಂಭಕ್ಕೆ 20 ಸೆಕೆಂಡು, ಪಲ್ಲವಿಗೆ 70, ಮೊದಲ ನುಡಿಗೆ 110, ಎರಡನೆಯದಕ್ಕೆ 60, ಮೂರನೆಯದಕ್ಕೆ 80, ಕೊನೆಗೆ ಪಲ್ಲವಿಯನ್ನು ಇನ್ನೊಮ್ಮೆ ಹಾಡಲು 20. ಪ್ರತಿ ಸಾಲನ್ನು ವಿವರಣೆಗೆ ಮುನ್ನ ನಿಧಾನವಾಗಿ ಓದಲು 5 ಸೆಕೆಂಡು ಹಿಡಿಯುತ್ತದೆ. ಅಂದರೆ ಮೊದಲ ನುಡಿಯ 110ರಲ್ಲಿ 20 ಸೆಕೆಂಡು ಓದಿಗೆ ಹೋಗಿ ವಿವರಣೆಗೆ ಉಳಿಯುವುದು 90. ಅರ್ಥ ಹೇಳುವ ಮಾತು ನಿಮಿಷಕ್ಕೆ 90 ಪದ ಮೀರದಿದ್ದರೆ ಕೇಳಲು ಹಿತ, ಆ ಲೆಕ್ಕದಲ್ಲಿ 135 ಪದ. ಇಡೀ ವೀಡಿಯೊಗೆ ಬರೆಯಬೇಕಾದ ವಿವರಣೆ ಸುಮಾರು 400 ಪದ ಮಾತ್ರ. ಬರೆಯಲು ಕುಳಿತಾಗ ಇದಕ್ಕೆ ಎರಡರಷ್ಟು ಬರುತ್ತದೆ. ಉಡುಪಿಯ ಕಿಂಡಿಯ ಕಥೆ, ದಾಸಕೂಟದ ಪರಿಚಯ, ಕನಕದಾಸರ ಕಾವ್ಯಗಳ ಪಟ್ಟಿ, ಇವೆಲ್ಲ ಸೇರಿಕೊಳ್ಳುವುದೇ ಅದಕ್ಕೆ ಕಾರಣ. ಅವು ಬೇರೆ ವೀಡಿಯೊಗೆ ಒಳ್ಳೆಯ ವಿಷಯಗಳು. ಈ ಹಾಡಿನ ಒಂದು ಸಾಲೂ ಅವುಗಳಿಂದ ಹೆಚ್ಚು ತಿಳಿಯಾಗುವುದಿಲ್ಲ.

ಮೊದಲ ನುಡಿ

ಇಡೀ ವೀಡಿಯೊ ನಿಲ್ಲುವುದು ಈ 90 ಸೆಕೆಂಡುಗಳ ಮೇಲೆ. ಇಲ್ಲಿ ಕೇಳುಗರು ಮೆಟ್ಟಿಲು ಹತ್ತುವುದನ್ನು ಕಲಿತರೆ ಮುಂದಿನ ನುಡಿಗಳನ್ನು ತಾವೇ ಹತ್ತುತ್ತಾರೆ. ವಿವರಣೆ ಹೀಗಿರಬಹುದು:

‘ಒಂದು ಕೋಣೆಯಲ್ಲಿ ನಿಂತಿದ್ದೀರಿ. ನಾಲ್ಕು ಗೋಡೆಗಳ ನಡುವೆ ಖಾಲಿ ಜಾಗವಿದೆ. ಹಾಗಾದರೆ ಬಯಲು ಮನೆಯೊಳಗಿದೆ. ಈಗ ಹೊರಗೆ ಬಂದು ನೋಡಿ. ಅದೇ ಮನೆ ದೊಡ್ಡ ಆಕಾಶದ ನಡುವೆ ನಿಂತಿದೆ. ಹಾಗಾದರೆ ಮನೆಯೇ ಬಯಲಿನೊಳಗಿದೆ. ಯಾವುದು ಸರಿ? ಕನಕದಾಸರು ತೀರ್ಪು ಕೊಡುವುದಿಲ್ಲ. ಇನ್ನೊಂದು ಮಾತು ಕೇಳುತ್ತಾರೆ: ಮನೆಯನ್ನೂ ಬಯಲನ್ನೂ ನೀವು ಕಂಡದ್ದು ಎಲ್ಲಿ? ಕಣ್ಣಿನಲ್ಲಿ. ಅಷ್ಟು ದೊಡ್ಡ ಆಕಾಶ ಇಷ್ಟು ಚಿಕ್ಕ ಕಣ್ಣಿನೊಳಗೆ ಬಂತೇ? ಸರಿ, ಕಣ್ಣು ಎಲ್ಲಿದೆ? ಮನಸ್ಸು ಬೇರೆಲ್ಲೋ ಇದ್ದಾಗ ಕಣ್ಣು ತೆರೆದಿದ್ದರೂ ಎದುರಿನ ಮನೆ ಕಾಣುವುದಿಲ್ಲ. ಅಂದರೆ ಕಣ್ಣು ಬುದ್ಧಿಯೊಳಗಿರಬೇಕು. ಆದರೆ ಮನೆಯೆಂದರೇನು, ಬಯಲೆಂದರೇನು ಎಂದು ಬುದ್ಧಿ ಕಲಿತದ್ದು ಕಣ್ಣಿನಿಂದಲೇ. ಅಂದರೆ ಬುದ್ಧಿ ಕಣ್ಣಿನೊಳಗಿರಬೇಕು. ಮತ್ತೆ ಅದೇ ಸಿಕ್ಕು. ಆಗ ನಾಲ್ಕನೆಯ ಸಾಲು ಬರುತ್ತದೆ: ಈ ಕಣ್ಣು, ಈ ಬುದ್ಧಿ, ಎರಡೂ ನಿನ್ನೊಳಗೋ ಹರಿಯೇ?’

ಇದು ನೂರು ಪದವನ್ನೂ ಮುಟ್ಟುವುದಿಲ್ಲ, ನಡುನಡುವೆ ಉಸಿರು ತೆಗೆದುಕೊಳ್ಳಲು ಜಾಗ ಉಳಿಯುತ್ತದೆ. ‘ಯಾವುದು ಸರಿ?’ ಎಂದ ಮೇಲೆ ಎರಡು ಸೆಕೆಂಡು ಸುಮ್ಮನಿರಬೇಕು. ಆ ಮೌನ ತುಂಬಿಸಲು ಸಂಗೀತ ಹಾಕಿದರೆ ಕೇಳುಗರು ಯೋಚಿಸುವುದಿಲ್ಲ, ಕಾಯುತ್ತಾರೆ.

ಇಲ್ಲಿ ಒಂದು ದಾರಿ ತಪ್ಪುವ ಜಾಗವಿದೆ, ವೇದಾಂತ ಓದಿಕೊಂಡವರೇ ಅಲ್ಲಿ ಹೆಚ್ಚಾಗಿ ತಪ್ಪುತ್ತಾರೆ. ಗಡಿಗೆಯೊಳಗಿನ ಆಕಾಶ, ಹೊರಗಿನ ಆಕಾಶ ಎಂಬುದು ಅದ್ವೈತದಲ್ಲಿ ಹೆಸರಾದ ದೃಷ್ಟಾಂತ. ಗಡಿಗೆ ಒಡೆದರೆ ಒಳಗಿನ ಆಕಾಶವೂ ಹೊರಗಿನ ಆಕಾಶವೂ ಒಂದೇ, ಹಾಗೆಯೇ ಜೀವನೂ ಬ್ರಹ್ಮವೂ ಒಂದೇ ಎಂದು ಅದು ಮುಗಿಯುತ್ತದೆ. ಬಯಲು, ಆಲಯ ಎಂಬ ಪದ ಕೇಳಿದೊಡನೆ ಈ ಹಾಡನ್ನೂ ಅಲ್ಲಿಗೇ ಒಯ್ಯುವ ಆಸೆಯಾಗುತ್ತದೆ. ಆದರೆ ಹಾಡು ಹಾಗೆ ಮುಗಿಯುವುದಿಲ್ಲ. ಕನಕದಾಸರು ಮಧ್ವಮತದ ದಾಸಪರಂಪರೆಯವರು, ವ್ಯಾಸರಾಯರ ಶಿಷ್ಯರೆಂದು ಆ ಪರಂಪರೆ ಅವರನ್ನು ನೆನೆಯುತ್ತದೆ. ಪರಂಪರೆಯ ಮಾತನ್ನು ಬದಿಗಿಟ್ಟು ಸಾಲನ್ನಷ್ಟೇ ನೋಡಿದರೂ ಅಲ್ಲಿರುವುದು ‘ನೀನೇ’ ಎಂಬ ಪದವಲ್ಲ, ‘ನಿನ್ನೊಳಗೋ’ ಎಂಬ ಪದ. ಒಳಗೆ ಎನ್ನಬೇಕಾದರೆ ಇಟ್ಟುಕೊಂಡವನೊಬ್ಬ ಇರಬೇಕು, ಇಡಲ್ಪಟ್ಟದ್ದೊಂದು ಇರಬೇಕು. ಎರಡೂ ಒಂದೇ ಆಗಿದ್ದರೆ ‘ಒಳಗೆ’ ಎಂಬ ಮಾತಿಗೆ ಅರ್ಥವಿಲ್ಲ.

ಪಲ್ಲವಿಯ ‘ಮಾಯೆ’

ಪಲ್ಲವಿಯನ್ನು ವಿವರಿಸುವುದು ಮೊದಲಿಗೆ, ಬರೆಯುವುದು ಮಾತ್ರ ಮೊದಲ ನುಡಿಯಾದ ಮೇಲೆ. ಹಾಗೆ ಮಾಡಿದರೆ ಎಷ್ಟು ಹೇಳಬೇಕು ಎಂಬ ಅಂದಾಜು ಸಿಗುತ್ತದೆ.

ಮಾಯೆಗೆ ‘ಭ್ರಮೆ’ ಎಂಬ ಒಂದು ಪದದ ಅರ್ಥ ಕೊಟ್ಟರೆ ಇಡೀ ಹಾಡು ವಾಲುತ್ತದೆ. ಮನೆ, ಸಕ್ಕರೆ, ಹೂವು ಎಲ್ಲ ಸುಳ್ಳು ಎಂದು ಹೇಳಿದಂತಾಗುತ್ತದೆ. ಆದರೆ ಮಧ್ವಮತದಲ್ಲಿ ಜಗತ್ತು ಸತ್ಯ. ಅಲ್ಲಿ ಮಾಯೆಯೆಂದರೆ ಹರಿಯ ಇಚ್ಛೆ, ಅವನ ಅಧೀನದಲ್ಲಿರುವ ಪ್ರಕೃತಿ. ಗೀತೆಯ ಏಳನೆಯ ಅಧ್ಯಾಯದಲ್ಲಿ ಕೃಷ್ಣನೇ ಅದನ್ನು ‘ಮಮ ಮಾಯಾ’, ನನ್ನ ಮಾಯೆ, ಎಂದು ಕರೆಯುತ್ತಾನೆ. ವೀಡಿಯೊದಲ್ಲಿ ‘ಈ ಜಗತ್ತನ್ನು ನಡೆಸುವ, ಹರಿಯ ಕೈಯಲ್ಲಿರುವ ಶಕ್ತಿ’ ಎಂದರೆ ಸಾಕು.

ಆಗ ಪಲ್ಲವಿಯ ಎರಡು ಸಾಲು ತೆರೆದುಕೊಳ್ಳುತ್ತವೆ. ಜಗತ್ತಿನ ಒಂದೊಂದು ಅಣುವಿನಲ್ಲೂ ಹರಿಯಿದ್ದಾನೆ ಎನ್ನುತ್ತೇವೆ, ಆ ಲೆಕ್ಕದಲ್ಲಿ ಅವನು ಮಾಯೆಯೊಳಗೆ. ಜಗತ್ತೆಲ್ಲ ಅವನ ಹೊಟ್ಟೆಯಲ್ಲಿದೆ ಎಂದೂ ಹೇಳುತ್ತೇವೆ, ಆ ಲೆಕ್ಕದಲ್ಲಿ ಮಾಯೆ ಅವನೊಳಗೆ. ದೇಹದ ವಿಷಯವೂ ಹಾಗೆಯೇ: ಹೃದಯದಲ್ಲಿ ಅಂತರ್ಯಾಮಿಯಾಗಿ ಅವನಿದ್ದಾನೆ, ಅವನು ವ್ಯಾಪಿಸಿದ ಜಾಗದಲ್ಲೇ ಈ ದೇಹವೂ ಇದೆ. ನಾರಾಯಣಸೂಕ್ತದ ‘ಅಂತರ್ಬಹಿಶ್ಚ ತತ್ಸರ್ವಂ ವ್ಯಾಪ್ಯ ನಾರಾಯಣಃ ಸ್ಥಿತಃ’ ಎಂಬ ಮಾತು ಒಳಗೆ, ಹೊರಗೆ ಎರಡನ್ನೂ ಒಟ್ಟಿಗೆ ಹೇಳುತ್ತದೆ. ಸೂಕ್ತ ಅದನ್ನು ಹೇಳಿಕೆಯಾಗಿ ಇಟ್ಟಿದೆ, ಕನಕದಾಸರು ಪ್ರಶ್ನೆಯಾಗಿ ಇಟ್ಟಿದ್ದಾರೆ. ಪಲ್ಲವಿಯ ವಿವರಣೆಯಲ್ಲಿ ಇಷ್ಟು ಬಂದರೆ 70 ಸೆಕೆಂಡು ತುಂಬುತ್ತದೆ. ಸಂಸ್ಕೃತದ ಸಾಲನ್ನು ತೆರೆಯ ಮೇಲೆ ಹಾಕುವುದಾದರೆ ಓದಲು ಆರು ಸೆಕೆಂಡಾದರೂ ಬೇಕು, ಇಲ್ಲದಿದ್ದರೆ ಅದನ್ನು ಬಿಡುವುದೇ ಮೇಲು.

ಎರಡನೆಯ ನುಡಿ ಬೇಗ, ಮೂರನೆಯದು ನಿಧಾನ

ಎರಡನೆಯ ನುಡಿಯಲ್ಲಿ ಹೊಸದಾಗಿ ಹೇಳಬೇಕಾದದ್ದು ಒಂದೇ. ಬಯಲು, ಮನೆ ಎರಡೂ ನಮ್ಮ ಹೊರಗಿದ್ದವು. ಸವಿ ಹಾಗಲ್ಲ, ಅದು ನಾಲಿಗೆಯ ಮೇಲೆ ಬೀಳುವವರೆಗೆ ಸಕ್ಕರೆ ಬಿಳಿಯ ಪುಡಿ ಅಷ್ಟೆ. ಜ್ವರ ಬಂದ ನಾಲಿಗೆಗೆ ಸಕ್ಕರೆಯೂ ಕಹಿ ಎಂಬ ಮಾತು ಎಲ್ಲರಿಗೂ ಗೊತ್ತು, ಚಿಂತೆಯಲ್ಲಿ ಉಂಡವರಿಗೆ ಏನು ಉಂಡೆವೆಂದೇ ನೆನಪಿರುವುದಿಲ್ಲ. ಈ ಎರಡು ಮಾತಿನಲ್ಲಿ ಎರಡನೆಯ, ಮೂರನೆಯ ಸಾಲುಗಳ ವಿವರಣೆ ಮುಗಿಯುತ್ತದೆ. ಮೊದಲ ನುಡಿಯಲ್ಲಿ ಕಣ್ಣಿನ ಜೊತೆ ಬುದ್ಧಿ, ಇಲ್ಲಿ ನಾಲಿಗೆಯ ಜೊತೆ ಮನಸ್ಸು ಬಂದಿದೆ: ಕಂಡದ್ದು ಏನೆಂದು ನಿಶ್ಚಯಿಸುವುದು ಬುದ್ಧಿ, ರುಚಿಗೆ ಆಸೆಪಡುವುದು ಮನಸ್ಸು. ಸಮಯವಿದ್ದರೆ ಒಂದು ವಾಕ್ಯದಲ್ಲಿ ಹೇಳಬಹುದು.

ಮೂರನೆಯ ನುಡಿಯಲ್ಲಿ ಕೇಳುಗರು ಅದೇ ಏಣಿಯನ್ನು ಎದುರು ನೋಡುತ್ತಿರುತ್ತಾರೆ. ಹೂವೋ ಪರಿಮಳವೋ ಎಂಬ ಆಯ್ಕೆ ಬರುತ್ತದೆ. ಎರಡೂ ಮೂಗಿನಲ್ಲೋ ಎಂಬ ಊಹೆ ಬರುತ್ತದೆ. ಇನ್ನು ‘ಘ್ರಾಣ ಮನಸಿನೊಳಗೋ’ ಎಂಬಂಥ ಸಾಲು ಬರಬೇಕು. ಅದು ಬರುವುದಿಲ್ಲ. ಆ ಜಾಗದಲ್ಲಿ ‘ಅಸಮಭವ ಕಾಗಿನೆಲೆಯಾದಿಕೇಶವರಾಯ’ ಎಂದು ದೇವರ ಹೆಸರು ಬರುತ್ತದೆ. ಏಣಿಯ ಮೂರನೆಯ ಮೆಟ್ಟಿಲು ಇಲ್ಲ. ಅಲ್ಲಿ ಕಾಲಿಡಬೇಕೆನ್ನುವಷ್ಟರಲ್ಲಿ ದಾಸರು ತರ್ಕ ಬಿಟ್ಟು ಕೂಗಿ ಕರೆಯುತ್ತಾರೆ, ಕರೆದು ‘ಹೇಳಲು ನನ್ನಿಂದಾಗದು’ ಎನ್ನುತ್ತಾರೆ. ಅಂಕಿತವನ್ನು ಕೊನೆಯ ನುಡಿಯಲ್ಲಿ ತರುವುದು ದಾಸರೆಲ್ಲರ ಪದ್ಧತಿಯೇ. ಆದರೆ ಇಲ್ಲಿ ಅದು ಬಂದು ಕುಳಿತ ಜಾಗ ಅರ್ಥವನ್ನೇ ಹೊತ್ತಿದೆ. ಸಾಲುಸಾಲಿನ ವೀಡಿಯೊಗಳು ಹೆಚ್ಚಾಗಿ ಇದನ್ನು ‘ಇದು ಕನಕದಾಸರ ಅಂಕಿತನಾಮ’ ಎಂದು ಐದು ಸೆಕೆಂಡಿನಲ್ಲಿ ದಾಟಿಹೋಗುತ್ತವೆ. 80 ಸೆಕೆಂಡುಗಳಲ್ಲಿ ಅರ್ಧದಷ್ಟನ್ನಾದರೂ ಈ ಕಾಣೆಯಾದ ಮೆಟ್ಟಿಲಿಗೆ ಕೊಡಬೇಕು.

ಇಂದ್ರಿಯಗಳ ಕ್ರಮವೂ ಗಮನಿಸುವಂಥದು. ಶಾಸ್ತ್ರಗಳಲ್ಲಿ ಶಬ್ದ, ಸ್ಪರ್ಶ, ರೂಪ, ರಸ, ಗಂಧ ಎಂದು ಎಣಿಸುತ್ತಾರೆ. ಹಾಡಿನ ಮೂರು ನುಡಿಗಳು ಕೊನೆಯ ಮೂರನ್ನು ಅದೇ ಕ್ರಮದಲ್ಲಿ ಹಿಡಿದಿವೆ. ಇದನ್ನು ವೀಡಿಯೊದಲ್ಲಿ ಸೇರಿಸಲೇಬೇಕೆಂದಿಲ್ಲ. ವಿವರಣೆ ಬರೆಯುವವರಿಗೆ ಮಾತ್ರ ಇದು ಗೊತ್ತಿರಬೇಕು, ನುಡಿಗಳನ್ನು ಹಿಂದುಮುಂದು ಮಾಡಿ ಹಾಡಿದ ಧ್ವನಿಮುದ್ರಿಕೆ ಸಿಕ್ಕರೆ ಯಾವುದು ಸರಿಯಾದ ಕ್ರಮವೆಂದು ತೀರ್ಮಾನಿಸಲು ನೆರವಾಗುತ್ತದೆ.

ತೆರೆಯ ಮೇಲೆ

ಚಿತ್ರಗಳು ಕಡಿಮೆಯಿದ್ದಷ್ಟೂ ಒಳ್ಳೆಯದು. ಒಂದು ಚೌಕದೊಳಗೆ ಇನ್ನೊಂದು ಚೌಕ ಬರೆದರೆ ಮೊದಲ ನುಡಿ ಪೂರ್ತಿ ತೋರಿಸಬಹುದು. ‘ಬಯಲು’ ಎಂದು ಬರೆದ ಚೌಕ ‘ಆಲಯ’ದ ಒಳಗಿರುತ್ತದೆ, ಸಾಲಿನ ಎರಡನೆಯ ಅರ್ಧಕ್ಕೆ ಒಳಗಿನದು ಹಿಗ್ಗಿ ಹೊರಗಿನದಾಗುತ್ತದೆ. ಮುಂದಿನ ಸಾಲಿಗೆ ಎರಡನ್ನೂ ಸುತ್ತಿ ‘ನಯನ’ ಬರುತ್ತದೆ. ನಾಲ್ಕನೆಯ ಸಾಲಿನಲ್ಲಿ ಮಾತ್ರ ಹೊರಗೆ ಇನ್ನೊಂದು ಚೌಕ ಬರೆಯಬಾರದು. ಹರಿಗೂ ಒಂದು ಗೆರೆ ಎಳೆದರೆ ಅವನಾಚೆಗೆ ಏನಿದೆ ಎಂಬ ಪ್ರಶ್ನೆ ಏಳುತ್ತದೆ. ಗೆರೆಗಳೆಲ್ಲ ಹಾಗೇ ಉಳಿದು ಹಿನ್ನೆಲೆಯ ಬಣ್ಣವಷ್ಟೇ ನಿಧಾನವಾಗಿ ಬದಲಾದರೆ ಸಾಕು. ಮೂರನೆಯ ನುಡಿಯಲ್ಲಿ ‘ಕುಸುಮ’, ‘ಗಂಧ’, ‘ಘ್ರಾಣ’ಗಳ ಚೌಕಗಳಾದ ಮೇಲೆ ಹೊಸ ಚೌಕ ಬಾರದೆ ತೆರೆ ಹಾಗೇ ನಿಂತರೆ, ಕಾಣೆಯಾದ ಮೆಟ್ಟಿಲು ಕಣ್ಣಿಗೂ ಕಾಣುತ್ತದೆ.

ಅಕ್ಷರಗಳನ್ನು ಯೂನಿಕೋಡ್‌ನಲ್ಲೇ ಟೈಪ್ ಮಾಡಬೇಕು. ಆಮೇಲೂ ಕೆಲವು ಎಡಿಟಿಂಗ್ ತಂತ್ರಾಂಶಗಳು ಒತ್ತಕ್ಷರಗಳನ್ನು ಒಡೆಯುತ್ತವೆ: ‘ಜಿಹ್ವೆ’ ಎಂಬುದು ‘ಜಿಹ್‌ವೆ’ ಎಂದು, ‘ಬುದ್ಧಿ’ ಎಂಬುದು ‘ಬುದ್‌ಧಿ’ ಎಂದು ಮೂಡುತ್ತದೆ. ಸೆಟ್ಟಿಂಗ್‌ನಲ್ಲಿ ದಕ್ಷಿಣ ಏಷ್ಯಾದ ಲಿಪಿಗಳ ಆಯ್ಕೆ ಇದ್ದರೆ ಅದನ್ನು ಹಾಕಿದಾಗ ಸರಿಹೋಗುತ್ತದೆ, ಇಲ್ಲದಿದ್ದರೆ ಸಾಲುಗಳನ್ನು ಬೇರೆಡೆ ಚಿತ್ರವಾಗಿ ಮಾಡಿಕೊಂಡು ತರಬೇಕು. ಪರೀಕ್ಷಿಸಲು ಜಿಹ್ವೆ, ಘ್ರಾಣ, ಬುದ್ಧಿ ಎಂಬ ಮೂರು ಪದ ಸಾಕು.

ಹಾಡಿನ ಸಾಹಿತ್ಯ ಶತಮಾನಗಳ ಹಿಂದಿನದು, ಅದರ ಮೇಲೆ ಯಾರ ಹಕ್ಕೂ ಇಲ್ಲ. ಗಾಯಕರ ಧ್ವನಿಮುದ್ರಿಕೆಯ ಮೇಲೆ ಹಕ್ಕಿದೆ, ಇತ್ತೀಚಿನವರು ಕೂಡಿಸಿದ ರಾಗಸಂಯೋಜನೆಯ ಮೇಲೂ ಇರಬಹುದು. ಹೆಸರಾಂತ ಧ್ವನಿಮುದ್ರಿಕೆಯ ಹತ್ತು ಸೆಕೆಂಡು ಸೇರಿಸಿದರೂ ಯೂಟ್ಯೂಬ್ ಅದನ್ನು ಗುರುತಿಸಬಲ್ಲದು. ತಂಬೂರಿಯ ಶ್ರುತಿಯ ಮೇಲೆ ಸಾಲುಗಳನ್ನು ತಾವೇ ಓದುವುದು ಆ ತೊಂದರೆಯನ್ನೂ ತಪ್ಪಿಸುತ್ತದೆ, ಓಕಾರಗಳ ಏರಿಳಿತವನ್ನೂ ಕೈಯಲ್ಲಿಡುತ್ತದೆ. ರಾಗದಲ್ಲಿ ಎಳೆದು ಹಾಡಿದಾಗ ಆಯ್ಕೆಯ ಓಗೂ ಊಹೆಯ ಓಗೂ ವ್ಯತ್ಯಾಸ ಕೇಳಿಸುವುದು ಕಷ್ಟ.

ಕೊನೆಯ 20 ಸೆಕೆಂಡಿಗೆ ಮಾತ್ರ ಹಾಡು ಬೇಕು. ಕೀರ್ತನೆಯಲ್ಲಿ ನುಡಿ ಮುಗಿದ ಮೇಲೆ ಪಲ್ಲವಿಗೆ ಮರಳುವುದು ರೂಢಿ. ‘ಎಲ್ಲ ನಿನ್ನೊಳಗೋ ಹರಿಯೆ’ ಎಂಬ ಸಾಲು ತೆರೆಯ ಮೇಲೆ ನಾಲ್ಕು ಸೆಕೆಂಡು ಒಂಟಿಯಾಗಿ ನಿಂತು ಮರೆಯಾಗಲಿ. ಆಮೇಲೆ ‘ನೀ ಮಾಯೆಯೊಳಗೋ ನಿನ್ನೊಳು ಮಾಯೆಯೋ’ ಎಂದು ಹಾಡುವ ದನಿ ಬರಲಿ, ಈ ಸಲ ಸಾಲಿನ ಕೆಳಗೆ ಅರ್ಥ ಬರೆಯದೆ.